ಪರವಾಗಿ ಆರು ನಿಮಿಷ

ಬಸ್ಸು ಬೈಲೂರು ದಾಟುವವರೆಗೂ ಶಾರ್ಲೆಟ್ ಭಾಷಣದ ಹಾಳೆಗಳನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ತೆಗೆಯಬೇಕಾದ ಅಗತ್ಯವೇ ಇರಲಿಲ್ಲ, ಪೂರ್ತಿ ಬಾಯಿಪಾಠವಾಗಿತ್ತು. ಎಲ್ಲಿ ದನಿ ಏರಿಸಬೇಕು, ಎಲ್ಲಿ ಎರಡು ಕ್ಷಣ ಸುಮ್ಮನಿರಬೇಕು ಎಂಬುದನ್ನು ಸಹ ಅರ್ಥಶಾಸ್ತ್ರ ಕಲಿಸುವ ಭುಜಂಗ ಸರ್ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಟ್ಟಿದ್ದರು. ಆದರೆ ಈ ಬೆಳಿಗ್ಗೆಯಿಂದ ಅದರ ಕೊನೆಯ ಹಾಳೆಯ ನಾಲ್ಕು ವಾಕ್ಯಗಳನ್ನು ಮಾತ್ರ ಮನಸ್ಸಿನಲ್ಲಿ ಹೇಳಿಕೊಳ್ಳದೆ ದಾಟಿಬಿಡುತ್ತಿದ್ದಳು. ಹತ್ತೂವರೆಗೆ ಮಣಿಪಾಲದಲ್ಲಿ ವಿಶ್ವವಿದ್ಯಾಲಯ ಮಟ್ಟದ ಕನ್ನಡ ಚರ್ಚಾಸ್ಪರ್ಧೆ. ವಿಷಯ: ಮುಕ್ತ ವ್ಯಾಪಾರವು ದೇಶಗಳ ಒಳಗಿನ ಅಸಮಾನತೆಯನ್ನು ಹೆಚ್ಚಿಸುತ್ತದೆ. ಈ ಸ್ಪರ್ಧೆಗಳದ್ದೊಂದು ವಿಚಿತ್ರ ಪದ್ಧತಿ. ಒಂದು ಕಾಲೇಜಿನಿಂದ ಇಬ್ಬರು ಬರಬೇಕು, ಒಬ್ಬರು ವಿಷಯದ ಪರ, ಇನ್ನೊಬ್ಬರು ವಿರೋಧ. ಇಬ್ಬರ ಅಂಕಗಳನ್ನು ಕೂಡಿಸಿ ಪರ್ಯಾಯ ಫಲಕ ಯಾರಿಗೆಂದು ತೀರ್ಮಾನ. ಅಂದರೆ ನೀವು ಮಾತಿನಲ್ಲಿ ಯಾರನ್ನು ಸೋಲಿಸಬೇಕೋ ಅವರೇ ನಿಮ್ಮನ್ನು ಗೆಲ್ಲಿಸಬೇಕು. ಶಾರ್ಲೆಟ್ ಪರ, ಕಾಪುವಿನ ವಿಕಾಸ್ ವಿರೋಧ. ಎರಡು ವರ್ಷಗಳಿಂದ ಹೀಗೆಯೇ. ಅವಳಿಗೆ ಸ್ನೇಹಿತ ಎಂದು ಹೇಳಿಕೊಳ್ಳಲು ಇದ್ದವನು ಅವನೊಬ್ಬನೇ, ಅದೂ ಚರ್ಚಾಸ್ಪರ್ಧೆ ಇದ್ದಾಗ ಮಾತ್ರ.

ತಪ್ಪು ಅವಳದ್ದೇ. ಬೆಳಿಗ್ಗೆ ಎದ್ದು ಸುಮ್ಮನೆ ಬಸ್ಸು ಹಿಡಿಯಬಾರದಿತ್ತೇ? ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮಾವ್ಶಿಗೆ ಒಮ್ಮೆ ಪೂರ್ತಿ ಒಪ್ಪಿಸಿಬಿಡುವ ಹುಚ್ಚು. ಮಾವ್ಶಿ ಎಂದರೆ ಅಮ್ಮನ ಅಕ್ಕ, ಆಂಜೆಲಾ. ಮನೆಮಾತು ಕೊಂಕಣಿಯಾದರೂ ಮಾವ್ಶಿ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು, ಪೇಪರನ್ನು ಮೊದಲ ಪುಟದಿಂದ ಕೊನೆಯವರೆಗೆ ಬಿಡದೆ ಓದುವವಳು. ಬಂಗುಡೆಯ ಕಿವಿರು ತೆಗೆಯುತ್ತಾ, ತಲೆ ಎತ್ತದೆ, ಆರು ನಿಮಿಷ ಕೇಳಿದಳು. ಭಾಷಣದ ಕೊನೆಯಲ್ಲಿ ಬರುವ 'ಕಾರ್ಕಳದ ಒಬ್ಬ ಹೆಂಗಸು' ತಾನೇ ಎಂದು ಅವಳಿಗೆ ಗೊತ್ತಾಗಿರಲೇಬೇಕು. ಗೇರುಬೀಜದ ಫ್ಯಾಕ್ಟರಿಯಲ್ಲಿ ಹದಿನೇಳು ವರ್ಷ ದುಡಿದು, ಗೇರೆಣ್ಣೆಯಿಂದ ಕೈ ಕಪ್ಪಾಗಿ, ಮೆಷಿನ್ ಬಂದ ದಿನ ಹೊರಬಿದ್ದು, ಮೂರು ಫ್ಯಾಕ್ಟರಿಗಳ ಗೇಟಿಗೆ ಹೋಗಿ ಮೂರು ಕಡೆಯೂ ಇಲ್ಲ ಎನ್ನಿಸಿಕೊಂಡು ಬಂದವಳು.

“ಚೆಂದ ಉಂಟು,” ಎಂದಳು ಮಾವ್ಶಿ. “ಆದರೆ ಕೈ ಕಪ್ಪಾಗುವುದು ಬೀಜ ಒಡೆಯುವವರಿಗೆ. ನಾನು ಸಿಪ್ಪೆ ತೆಗೆಯುವ ಸೆಕ್ಷನ್. ನಮಗೆ ಉಗುರು ಸವೆಯುವುದು ಮಾತ್ರ.”

“ಭಾಷಣಕ್ಕೆ ಹಾಗೆ ಬೇಕಾಗ್ತದೆ ಮಾವ್ಶಿ.”

“ಹಾಗಾ? ಇರಲಿ.” ಮೀನಿನ ಮೇಲೆ ನೀರು ಬಿಟ್ಟಳು. “ಮತ್ತೆ, ಮೂರು ಫ್ಯಾಕ್ಟರಿ ಅಂದೆಯಲ್ಲ, ಅದು ಎಲ್ಲಿಂದ ಬಂತು? ನಾನು ಎಲ್ಲಿಗೂ ಹೋಗಲಿಲ್ಲ. ನಮ್ಮ ಫ್ಯಾಕ್ಟರಿಯವರೇ ವಾಪಸು ಕರೆದಿದ್ದರು. ಮೆಷಿನಿಗೆ ಕಂದು ಬೀಜ, ಬಿಳಿ ಬೀಜ ಸರಿಯಾಗಿ ಗೊತ್ತಾಗುವುದಿಲ್ಲ ಅಂತ, ಆರಿಸಲಿಕ್ಕೆ ಹಳಬರು ಹತ್ತು ಜನ ಬೇಕು ಅಂತ. ಸೂಪರ್‌ವೈಸರ್ ಮನೆಗೇ ಬಂದಿದ್ದ. ತಿಂಗಳ ಸಂಬಳ, ಪಿಎಫ್ ಎಲ್ಲ ಉಂಟು ಅಂದ. ನಿನ್ನ ಡ್ಯಾಡಿ ಆಗುವುದಿಲ್ಲ ಅಂದರು. ನೀನು ಆಗ ಎರಡನೇ ಕ್ಲಾಸ್ ಅಲ್ವಾ, ಯಾರು ನೋಡುವುದು?” ಆಮೇಲೆ, ಅದೇ ಉಸಿರಿನಲ್ಲಿ, “ತಿಂಡಿ ತಿಂದುಕೊಂಡು ಹೋಗು, ಖಾಲಿ ಹೊಟ್ಟೆಯಲ್ಲಿ ಸ್ವರ ಬರುವುದಿಲ್ಲ,” ಎಂದಳು. ಶಾರ್ಲೆಟ್ ತಿಂಡಿ ತಿನ್ನಲಿಲ್ಲ.

ಹದಿನೈದು ವರ್ಷ ಒಂದೇ ಮನೆಯಲ್ಲಿದ್ದು ಒಂದು ಸಲವೂ ಕೇಳಿರಲಿಲ್ಲ. ಕೇಳುವ ವಿಷಯವೆಂದೇ ಅನ್ನಿಸಿರಲಿಲ್ಲ. ಮನೆಯಲ್ಲಿ ಬಾವಿ ಇದ್ದಂತೆ ಮಾವ್ಶಿ ಇದ್ದಳು. ಯಾರೂ ಬಾವಿಯನ್ನು ನೀನಿಲ್ಲಿ ಯಾಕಿದ್ದೀ ಎಂದು ಕೇಳುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಪೋಷಕರ ಸಭೆಗೆ ಮಾವ್ಶಿ ಬಂದಿದ್ದಳು, ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು. ಟೀಚರ್ “ಇವರು ಯಾರು?” ಎಂದಾಗ ಶಾರ್ಲೆಟ್ “ನಮ್ಮ ಮನೆಯಲ್ಲಿರುವವರು” ಎಂದಿದ್ದಳು. ಸುಳ್ಳಲ್ಲ. ಟೀಚರ್ ಆಮೇಲೆ ಮಾವ್ಶಿಯನ್ನು ಏಕವಚನದಲ್ಲಿ ಮಾತಾಡಿಸಿದರು, ಕುರ್ಚಿ ಕೊಡಲಿಲ್ಲ, ಮಾವ್ಶಿ ನಿಂತುಕೊಂಡೇ ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕಿದಳು. ದಾರಿಯಲ್ಲಿ ಐಸ್‌ಕ್ಯಾಂಡಿ ತೆಗೆಸಿಕೊಟ್ಟಳು. ಅಮ್ಮನಿಗೆ ಹೇಳಬೇಡ, ಶೀತ ಆಗ್ತದೆ ಅಂತ ಬೈತಾಳೆ ಎಂದಳು. ಅಮ್ಮ ಆಗ ಕುವೈತಿನಲ್ಲಿ ನರ್ಸ್, ಈಗಲೂ ಅಲ್ಲಿಯೇ. ಅಮ್ಮ ಹೋದದ್ದು ಯಾವ ವರ್ಷ? ಯುಕೆಜಿ. ಮೆಷಿನ್ ಬಂದದ್ದು? ಅದೇ ವರ್ಷ, ಅದೇ ಮಳೆಗಾಲ. ಮಾವ್ಶಿಯ ಕೆಲಸ ಹೋಯಿತು, ಮಗುವನ್ನು ನೋಡಲು ಮನೆಯಲ್ಲಿ ಜನ ಸಿಕ್ಕಿತು, ಅಮ್ಮನ ವೀಸಾ ಬಂತು. ಅದೇ ಫ್ಯಾಕ್ಟರಿಯ ಆಫೀಸಿನಲ್ಲಿ ರಫ್ತಿನ ಕಾಗದಪತ್ರ ನೋಡುತ್ತಿದ್ದ ಡ್ಯಾಡಿ ಮ್ಯಾನೇಜರ್ ಆದರು, ಆಮೇಲೆ ಮನೆಗೆ ಮಹಡಿ ಎದ್ದಿತು. ಭಾಷಣಕ್ಕಾಗಿ ಗ್ರಂಥಾಲಯದಲ್ಲಿ ಮೂರು ವಾರ ಹುಡುಕಿದ ಉದಾಹರಣೆ ಇಡೀ ಮನೆಯ ತುಂಬ ಇತ್ತು, ಅವಳು ಅದರ ಮೆಟ್ಟಿಲು ಹತ್ತಿ ಇಳಿದು ಓಡಾಡುತ್ತಿದ್ದಳು. ಕಂಡಕ್ಟರ್ ಎರಡನೇ ಸಲ ಟಿಕೆಟ್ ಕೇಳಿದಾಗಲೇ ಅವಳಿಗೆ ಎಚ್ಚರವಾದದ್ದು.

ಈಗ ಸಮಸ್ಯೆ ವಿಕಾಸ್. ಹೋದ ಭಾನುವಾರ ಕಾಪುವಿನಲ್ಲಿ, ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ ಕುಳಿತು, ಇಬ್ಬರೂ ತಮ್ಮ ತಮ್ಮ ವಾದಗಳನ್ನು ಹರಿತ ಮಾಡಿದ್ದರು. ವಿಕಾಸನ ಅಪ್ಪನಿಗೆ ಬೋಟಿನಲ್ಲಿ ಪಾಲು ಉಂಟು. “ನೋಡು ಮಾರಾಯ್ತಿ, ಹಿಂದೆ ಬೊಂಡಾಸನ್ನು ಕೇಳುವವರೇ ಇರಲಿಲ್ಲವಂತೆ,” ಎಂದಿದ್ದ. ಸ್ಕ್ವಿಡ್ ಎಂಬ ಹೆಸರಿನಲ್ಲಿ ಆ ಬೊಂಡಾಸ್ ಮೀನು ವಿದೇಶಕ್ಕೆ ಹೋಗತೊಡಗಿದ ಮೇಲೆ ತಮ್ಮ ಮನೆಗೆ ತಾರಸಿ ಬಂದದ್ದು, ತಾನು ಕಾಲೇಜಿಗೆ ಬಂದದ್ದು. “ಅಸಮಾನತೆಯಾ? ನಮ್ಮ ಮನೆಗೆ ಬಂದು ಹೇಳು.” ಶಾರ್ಲೆಟ್ ಬಿಡಲಿಲ್ಲ. ಬೋಟಿನಲ್ಲಿ ಪಾಲು ಇದ್ದವರ ಮನೆಗೆ ತಾರಸಿ ಬಂತು, ಸರಿ. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದ ನಿನ್ನ ಅಜ್ಜಿಯಂಥವರಿಗೆ? ಲಾರಿ ಬಂದು ರಾಶಿಯನ್ನೇ ಎತ್ತಿಕೊಂಡು ಹೋದ ಮೇಲೆ ಅವರ ಬುಟ್ಟಿಗೆ ಏನು ಬಿತ್ತು? ಅವನು ನಕ್ಕು, ಇದನ್ನು ಭಾಷಣದಲ್ಲಿ ಹೇಳಬೇಡ, ನನ್ನ ಅಂಕ ಹೋಗ್ತದೆ ಎಂದಿದ್ದ. ಆಮೇಲೆ ಇಬ್ಬರೂ ಕೂಡಿ ಪ್ರಶ್ನೆ ಹೊಂದಿಸಿದರು. ಅದೂ ಇಲ್ಲಿನ ಪದ್ಧತಿ: ಪ್ರತಿ ಭಾಷಣದ ನಂತರ ಎದುರು ಪಕ್ಷದಿಂದ ಒಂದು ಪ್ರಶ್ನೆ, ಮೊದಲು ಕೈ ಎತ್ತಿದವರಿಗೆ ಅವಕಾಶ; ಹಾಗಾಗಿ ನಮ್ಮವರಿಗೆ ನಮ್ಮವರೇ ಚುರುಕಾಗಿ ಕೈ ಎತ್ತಿ, ಉತ್ತರ ಸಿದ್ಧವಿರುವ ಪ್ರಶ್ನೆ ಕೇಳಿಬಿಡುವುದು. ಎಲ್ಲ ಕಾಲೇಜಿನವರೂ ಮಾಡುತ್ತಾರೆ, ತೀರ್ಪುಗಾರರಿಗೂ ಗೊತ್ತು. ವಿಕಾಸ್ ಕೇಳಬೇಕಾದ್ದು ಇಷ್ಟು: ಆ ಹೆಂಗಸು ಬೇರೆ ಕೆಲಸಕ್ಕೆ ಯಾಕೆ ಹೋಗಲಿಲ್ಲ? ಅವಳ ಉತ್ತರ: ಹೋದರು ಸ್ವಾಮಿ, ಮೂರು ಫ್ಯಾಕ್ಟರಿಗೆ ಹೋದರು. ಈ ಮೂರು ಫ್ಯಾಕ್ಟರಿಯನ್ನು ಅವಳು ಅದೇ ಬಂಡೆಯ ಮೇಲೆ ಕುಳಿತು ಹುಟ್ಟಿಸಿದ್ದು. ನಾಲ್ಕು ಅಂದರೆ ಜಾಸ್ತಿಯಾಗ್ತದೆ, ಮೂರು ಸರಿ ಎಂದು ವಿಕಾಸ್ ಹೇಳಿದ್ದ.

ಮಣಿಪಾಲದ ಸಭಾಂಗಣದಲ್ಲಿ ಎಸಿ ಎಷ್ಟೆಂದರೆ ಶಾಲು ಹೊದ್ದು ಕೂರಬೇಕು. ಪರದವರಿಗೆ ಎಡಗಡೆ ಸಾಲು, ವಿರೋಧದವರಿಗೆ ಬಲಗಡೆ, ಫೋನುಗಳೆಲ್ಲ ಹೊರಗಿನ ಟ್ರೇಯಲ್ಲಿ. ನೇರ ಪ್ರಸಾರದ ಕ್ಯಾಮೆರಾ ಎದುರಿಗೇ ಇತ್ತು. ಅದರ ಲಿಂಕನ್ನು ನಿನ್ನೆ ಅವಳೇ ಉತ್ಸಾಹದಿಂದ ಡ್ಯಾಡಿಗೂ ಅಮ್ಮನಿಗೂ ಕಳಿಸಿದ್ದಳು. ವಿಕಾಸ್ ಆಚೆ ಸಾಲಿನಲ್ಲಿ ಕೂತು ಹೆಬ್ಬೆರಳು ತೋರಿಸಿದ. ಅವಳು ತಲೆ ಆಡಿಸಿ ಬೇಡ, ಆ ಪ್ರಶ್ನೆ ಬೇಡ ಎಂದು ಸನ್ನೆ ಮಾಡಿದಳು. ಅವನು ಅದನ್ನು ಹೆದರಿಕೆ ಎಂದುಕೊಂಡು, ಉಸಿರು ಎಳೆದುಕೋ ಎಂದು ಎದೆ ಉಬ್ಬಿಸಿ ತೋರಿಸಿದ. ಎದ್ದು ಹೋಗಿ ಹೇಳೋಣವೆಂದರೆ ಭುಜಂಗ ಸರ್ ಹಿಂದಿನಿಂದ ಭುಜ ಮುಟ್ಟಿ, “ಬಡತನ ಹೆಚ್ಚಾಯಿತು ಅಂತ ಬಾಯಿ ತಪ್ಪಿ ಕೂಡ ಹೇಳಬೇಡ. ಇಳಿಯುವುದು ನಿಧಾನವಾಯಿತು. ಅಷ್ಟೇ. ಅದಕ್ಕಿಂತ ಒಂದು ಅಕ್ಷರ ಜಾಸ್ತಿ ಹೇಳಿದರೆ ಸುಳ್ಳಾಗ್ತದೆ,” ಎಂದರು. ಅಂಕಿಅಂಶದ ವಿಷಯದಲ್ಲಿ ಅವರು ಅಷ್ಟು ಕಟ್ಟುನಿಟ್ಟು. ಆ ಹೊತ್ತಿಗೆ ಅವಳ ಹೆಸರು ಕರೆದರು.

ಮೈಕಿನ ಮುಂದೆ ನಿಂತ ಮೇಲೆ ಅವಳ ಸ್ವರ ಅವಳನ್ನು ಕೇಳದೆ ತಾನೇ ಹೊರಟಿತು. ಮೊದಲು ಒಪ್ಪಿಕೊಂಡಳು: ವ್ಯಾಪಾರದಿಂದ ದೇಶದ ಒಟ್ಟು ಸಂಪತ್ತು ಹೆಚ್ಚುತ್ತದೆ, ಅದನ್ನು ಅಲ್ಲಗಳೆಯಲು ನಾನು ಬಂದಿಲ್ಲ, ಹೆಚ್ಚಿದ್ದು ಯಾರ ಕೈಗೆ ಹೋಗುತ್ತದೆ ಎಂಬುದು ಪ್ರಶ್ನೆ. ಎದುರು ಪಕ್ಷದವರು ಪಠ್ಯಪುಸ್ತಕ ತೆರೆದು ಹೇಳಲಿದ್ದಾರೆ, ನಮ್ಮಂಥ ದೇಶದಲ್ಲಿ ಹೇರಳವಾಗಿರುವುದು ಕೂಲಿಯ ಕೈ, ಬಾಗಿಲು ತೆರೆದರೆ ಹೆಚ್ಚು ಕೈ ಬೇಡುವ ಸರಕನ್ನೇ ನಾವು ರಫ್ತು ಮಾಡುತ್ತೇವೆ, ಆಗ ಕೂಲಿ ಏರಿ ಅಂತರ ಇಳಿಯಬೇಕು ಎಂದು. ಆ ಲೆಕ್ಕ ಸರಿಯಾಗಬೇಕಾದರೆ ಒಂದು ಶರತ್ತು ಉಂಟು, ಕುಗ್ಗುವ ಕಸುಬಿನಿಂದ ಬೆಳೆಯುವ ಕಸುಬಿಗೆ ಕೆಲಸಗಾರ ಖರ್ಚಿಲ್ಲದೆ ದಾಟಬೇಕು. ಆ ಚಿತ್ರದಲ್ಲಿ ಮನುಷ್ಯನಿಗೆ ಊರಿಲ್ಲ, ವಯಸ್ಸಿಲ್ಲ. ಇನ್ನೊಂದು ಮಾತು. ಶ್ರೀಮಂತ ದೇಶದಿಂದ ಬಡ ದೇಶಕ್ಕೆ ಬರುವ ಕೆಲಸ ಅಲ್ಲಿಗೆ ಕೀಳು ಕೌಶಲದ್ದಿರಬಹುದು, ಇಲ್ಲಿಗೆ ಅದೇ ಮೇಲು ಕೌಶಲ. ಹಾಗಾಗಿ ಎರಡೂ ದೇಶಗಳಲ್ಲಿ ಓದಿದವರಿಗೆ ಬೇಡಿಕೆ ಏರುತ್ತದೆ, ಓದದವರು ಎರಡೂ ಕಡೆ ಹಿಂದೆ ಬೀಳುತ್ತಾರೆ. ಎಂಬತ್ತರ ದಶಕದ ನಡುವಿನಲ್ಲಿ ಬಾಗಿಲು ತೆರೆದ ಮೆಕ್ಸಿಕೊದಲ್ಲಿ ಕುಶಲರ ಮತ್ತು ಅಕುಶಲರ ಸಂಬಳದ ಅಂತರ ಇಳಿಯಲಿಲ್ಲ, ಏರಿತು. ನಮ್ಮಲ್ಲಿ ತೊಂಬತ್ತೊಂದರ ನಂತರ ಆಮದು ಸುಂಕ ಇಳಿದಾಗ ಯಾವ ಜಿಲ್ಲೆಗಳ ಕಸುಬುಗಳಿಗೆ ಆ ಪೆಟ್ಟು ಹೆಚ್ಚು ಬಿತ್ತೋ ಅಲ್ಲಿನ ಹಳ್ಳಿಗಳಲ್ಲಿ ಬಡತನ ಇಳಿಯುವುದು ನಿಧಾನವಾಯಿತು, ಯಾಕೆಂದರೆ ಜನ ಕೆಲಸ ಅರಸಿ ಆ ಜಿಲ್ಲೆ ಬಿಟ್ಟು ಹೋಗಲಿಲ್ಲ. ಭುಜಂಗ ಸರ್ ತಲೆದೂಗಿದ್ದು ಅವಳಿಗೆ ಕಂಡಿತು.

ಆಮೇಲೆ ಗೇರುಬೀಜ. ನಮ್ಮ ಗುಡ್ಡದ ಬೀಜ ಸಾಲದೆ ಆಫ್ರಿಕಾದಿಂದ ಹಡಗಿನಲ್ಲಿ ಬರುವ ಹಸಿ ಬೀಜ, ಇಲ್ಲಿ ಬೇಯಿಸಿ, ಒಡೆದು, ಒಣಗಿಸಿ, ಸಿಪ್ಪೆ ತೆಗೆದು, ದರ್ಜೆ ಆರಿಸಿ ಮತ್ತೆ ಹಡಗಿಗೆ. ಬೆಲೆ ನಿರ್ಧಾರವಾಗುವುದು ಹೊರಗೆ. ವಿಯೆಟ್ನಾಮಿನವರು ಇದೇ ಕೆಲಸವನ್ನು ಮೆಷಿನಿನಲ್ಲಿ ಅಗ್ಗವಾಗಿ ಮಾಡತೊಡಗಿದ ಮೇಲೆ ನಮ್ಮ ಮಾಲೀಕರಿಗೂ ಎರಡೇ ದಾರಿ: ಮುಚ್ಚುವುದು, ಇಲ್ಲವೇ ಮೆಷಿನ್ ತರುವುದು. ಮೆಷಿನ್ ಬಂತು. ಅದನ್ನು ನಡೆಸಲು ಐಟಿಐ ಕಲಿತ ಹುಡುಗರು ಬಂದರು, ರಫ್ತಿನ ಆಫೀಸಿಗೆ ಕಾಮರ್ಸ್ ಓದಿದವರು ಬಂದರು. ತೂಕದ ಲೆಕ್ಕದಲ್ಲಿ ಕೂಲಿ ಪಡೆಯುತ್ತಾ, ಬೀಜ ತುಂಡಾದರೆ ಕಡಿಮೆ ಪಡೆಯುತ್ತಾ ನೆಲದ ಮೇಲೆ ಕುಳಿತಿದ್ದ ಹೆಂಗಸರು ಎದ್ದು ಹೋದರು. ಕಾರ್ಕಳದ ಒಬ್ಬ ಹೆಂಗಸು, ಎಂದಳು ಶಾರ್ಲೆಟ್, ಮತ್ತು ಅಲ್ಲಿ ನಿಲ್ಲಬೇಕೆಂದು ಗುರುತಿದ್ದ ಎರಡು ಕ್ಷಣಕ್ಕಿಂತ ಜಾಸ್ತಿ ನಿಂತಳು. ಕಪ್ಪು ಕೈ ಎನ್ನಲಿಲ್ಲ, ಉಗುರು ಸವೆದಿತ್ತು ಎಂದಳು. ಮೂರು ಫ್ಯಾಕ್ಟರಿಯ ವಾಕ್ಯವನ್ನು ನುಂಗಿಕೊಂಡಳು. ಗೆದ್ದವರು ಸೋತವರಿಗೆ ಅವರ ನಷ್ಟ ತುಂಬಿಕೊಟ್ಟೂ ಮಿಗುವಷ್ಟು ವ್ಯಾಪಾರದಲ್ಲಿ ಲಾಭ ಉಂಟು ಎಂದು ಅರ್ಥಶಾಸ್ತ್ರ ಹೇಳುತ್ತದೆ. ತುಂಬಿಕೊಡಬಹುದು ಎಂದು ಹೇಳುತ್ತದೆ, ತುಂಬಿಕೊಟ್ಟರು ಎಂದಲ್ಲ, ಎಂದು ಮುಗಿಸಿದಳು. ಎರಡನೇ ಗಂಟೆ ಬಾರಿಸುವುದಕ್ಕೂ ಚಪ್ಪಾಳೆಗೂ ಸರಿಹೋಯಿತು.

ವಿಕಾಸನ ಕೈ ಎಲ್ಲರಿಗಿಂತ ಮೊದಲು ಮೇಲಿತ್ತು. “ಆ ಹೆಂಗಸು ಬೇರೆ ಕೆಲಸಕ್ಕೆ ಯಾಕೆ ಹೋಗಲಿಲ್ಲ ಎಂದು ಸ್ಪರ್ಧಿ ಹೇಳಬಲ್ಲರೇ?”

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದರೆ ಫಲಕ. ಮಾವ್ಶಿಯೇ 'ಇರಲಿ' ಎಂದಿದ್ದಳಲ್ಲ, 'ಚೆಂದ ಉಂಟು' ಎಂದಿದ್ದಳಲ್ಲ. ಆದರೆ ಒಂದು ಅಕ್ಷರ ಜಾಸ್ತಿ ಹೇಳಿದರೆ ಸುಳ್ಳು ಎಂದವರು ಎರಡನೇ ಸಾಲಿನಲ್ಲಿ ಕೂತಿದ್ದರು, ಮೂರು ಫ್ಯಾಕ್ಟರಿಗಳ ಮೂರು ಗೇಟುಗಳಲ್ಲಿ ಮಾವ್ಶಿಗೆ ಪುಕ್ಕಟೆ ಅವಮಾನ ಮಾಡಿಸುವುದು ಅವಳಿಗೆ ಸಾಧ್ಯವಾಗಲಿಲ್ಲ. “ಅವರನ್ನು ಫ್ಯಾಕ್ಟರಿಯವರು ವಾಪಸು ಕರೆದಿದ್ದರು,” ಎಂದಳು. “ಸಂಬಳದ ಕೆಲಸ. ಮನೆಯವರು ಬಿಡಲಿಲ್ಲ. ಮನೆಯಲ್ಲಿ ಮಗು ಇತ್ತು. ಮಗುವಿನ ಅಮ್ಮ ವಿದೇಶದಲ್ಲಿ, ಅಪ್ಪ ಅದೇ ಫ್ಯಾಕ್ಟರಿಯ ಆಫೀಸಿನಲ್ಲಿ. ಆ ಮಗು ನಾನು.” ಇನ್ನೂ ಏನೋ ಹೇಳಬೇಕಿತ್ತು. ಲಾಭವೂ ನಷ್ಟವೂ ಒಂದೇ ಸೂರಿನ ಕೆಳಗೆ ಊಟಕ್ಕೆ ಕೂತರೂ ಒಂದರಿಂದ ಇನ್ನೊಂದಕ್ಕೆ ಏನೂ ದಾಟುವುದಿಲ್ಲ ಎಂದು. ಹೇಳುವ ಮೊದಲೇ ಗಂಟೆ ಬಾರಿಸಿದರು. ಅವಳು ಇಳಿದು ಬಂದು ಕೂತಳು.

ಮುಂದಿನ ಸರದಿ ವಿಕಾಸನದ್ದು. ಅವನು ಬೊಂಡಾಸಿನಿಂದ ಸುರು ಮಾಡಲಿಲ್ಲ. “ಸಭಿಕರೇ, ನನ್ನ ಎದುರಾಳಿಗೆ ನಾನು ಕೃತಜ್ಞ,” ಎಂದ. “ವ್ಯಾಪಾರ ಆ ಹೆಂಗಸಿಗೆ ಕೆಲಸ ಕೊಟ್ಟಿತು. ಕಸಿದದ್ದು ಮನೆ. ಅಸಮಾನತೆಯ ತಪ್ಪು ಬಂದರಿನಲ್ಲಿಲ್ಲ, ನಮ್ಮ ಅಡುಗೆಮನೆಯಲ್ಲಿದೆ. ಅದಕ್ಕೆ ಸುಂಕ ಹಾಕಿದರೆ ಪರಿಹಾರವೇ?” ಜನ ನಕ್ಕರು, ಆಮೇಲೆ ಜೋರಾಗಿ ಚಪ್ಪಾಳೆ. ತೀರ್ಪುಗಾರರಲ್ಲಿ ಒಬ್ಬರು ಬರೆದುಕೊಂಡರು. ಶಾರ್ಲೆಟ್ ಕೂಡ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು, ತಟ್ಟದಿದ್ದರೆ ಚೆನ್ನಾಗಿರುವುದಿಲ್ಲ. ವಾದ ಒಳ್ಳೆಯದೇ ಇತ್ತು. ಅದಕ್ಕೊಂದು ಉತ್ತರವೂ ಇತ್ತು, ಆದರೆ ಅವಳ ಆರು ನಿಮಿಷ ಮುಗಿದಿತ್ತು. ವಿಕಾಸನಿಗೆ ಉತ್ತಮ ವಾಗ್ಮಿ ಬಹುಮಾನ ಬಂತು, ಫಲಕ ಎರಡು ಅಂಕದಲ್ಲಿ ಬೇರೆ ಕಾಲೇಜಿಗೆ ಹೋಯಿತು. ಹೊರಗೆ ಟ್ರೇಯಲ್ಲಿ ಫೋನು ಹುಡುಕುತ್ತಾ ವಿಕಾಸ್, “ಬೇಜಾರು ಮಾಡಬೇಡ ಮಾರಾಯ್ತಿ, ನಿನ್ನ ಅಂಕ ಹೇಗೂ ಹೋಗಿತ್ತು. ನನ್ನದಾದರೂ ಬರಲಿ ಅಂತ,” ಎಂದ. ಅದೂ ನಿಜವೇ, ಕೂಡಿಸುವುದು ಇಬ್ಬರದ್ದನ್ನೂ ಅಲ್ಲವೇ. “ಅದು ಎಂತಕ್ಕೆ ಹೇಳಿದ್ದು?” ಎಂದು ಕೇಳಿದ. ಅವಳು ಉತ್ತರ ಕೊಡುವುದರೊಳಗೆ ಅವನ ಜೊತೆ ಫೋಟೊ ತೆಗೆಸಿಕೊಳ್ಳಲು ಯಾರೋ ಬಂದರು. ಭುಜಂಗ ಸರ್ ಮಾತ್ರ, “ಸ್ವಂತ ವಿಷಯ ತರಬಾರದಿತ್ತು. ವಾದ ನಿನ್ನ ಕೈಯಲ್ಲೇ ಇತ್ತು,” ಎಂದು ಚಾ ಕುಡಿಯಲು ಹೋದರು. ವಾಪಸು ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಕಾರ್ಕಳದವರೆಗೂ ಖಾಲಿ ಇತ್ತು. ಆದರೂ ಎದೆಯ ಮೂಲೆಯಲ್ಲಿ ಸಣ್ಣದೊಂದು ಹೆಮ್ಮೆ ಇತ್ತೆಂದು ಒಪ್ಪಬೇಕು. ಮೊದಲ ಸಲ ಮಾವ್ಶಿಯ ಪರವಾಗಿ ಒಬ್ಬರು ಮಾತಾಡಿದ್ದರು.

ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೇ ಅದನ್ನು ಹೇಳಿದಳು. ಮಾವ್ಶಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಕೈ ನಿಂತಿತು. “ಎಲ್ಲರ ಎದುರಿಗೆ ಹೇಳಿದೆಯಾ? ನಿನ್ನ ಡ್ಯಾಡಿ ನೋಡುವ ವೀಡಿಯೊದಲ್ಲಿಯಾ?” ಎಂದಳು. ಮುಖದ ಮೇಲೆ ಶಾರ್ಲೆಟ್ ಬಸ್ಸಿನಲ್ಲಿ ಊಹಿಸಿಕೊಂಡು ಬಂದದ್ದು ಯಾವುದೂ ಇರಲಿಲ್ಲ. ಬರೀ ಹೆದರಿಕೆ ಇತ್ತು. ಅರವತ್ತು ದಾಟಿದ ಹೆಂಗಸಿನ ಹೆದರಿಕೆ, ಈ ಮನೆ ತನ್ನದಲ್ಲ ಎಂದು ಪ್ರತಿ ಬೆಳಿಗ್ಗೆ ಗೊತ್ತಿದ್ದೇ ಎದ್ದವಳ ಹೆದರಿಕೆ. “ನಾನು ನಿನಗೆ ಹೇಳಿದ್ದು, ಊರಿಗೆ ಅಲ್ಲ,” ಎಂದಳು ಮಾವ್ಶಿ ಮೆಲ್ಲಗೆ. ಆಮೇಲೆ ಬಟ್ಟೆ ಮಡಚುವುದನ್ನು ಮುಂದುವರಿಸಿದಳು. ಡ್ಯಾಡಿಯ ಶರ್ಟಿನ ಕಾಲರನ್ನು ಎರಡೆರಡು ಸಲ ಸರಿಮಾಡಿದಳು. ಶಾರ್ಲೆಟ್ ತಾನು ಎಂಥ ಕೆಲಸ ಮಾಡಿಬಿಟ್ಟೆ ಎಂದು ಅಲ್ಲೇ ಗೋಡೆಗೆ ಒರಗಿ ನಿಂತಳು. ತನ್ನ ನಿಜದ ಬೆಲೆಯನ್ನೂ ಮಾವ್ಶಿಯ ತಲೆಗೇ ಕಟ್ಟಿದ್ದಳು.

ಡ್ಯಾಡಿ ಆರು ಗಂಟೆಗೆ ಬಂದರು. ಸಿಟ್ಟು ಮಾಡುವ ಮನುಷ್ಯ ಅಲ್ಲ ಅವರು. ಇಗರ್ಜಿಯಲ್ಲಿ ಬೈಬಲ್ ವಾಚನ ಓದುವ, ತಗ್ಗಿದ ಸ್ವರದ ಮನುಷ್ಯ. ಮುಖ ತೊಳೆದು ಬಂದು ಮೇಜಿನ ಮುಂದೆ ಕುಳಿತರು. ಮಾವ್ಶಿ ಚಾ ಇಟ್ಟಳು. “ಫಿಯೋನಾ ಫೋನ್ ಮಾಡಿದ್ದಳು. ಡ್ಯೂಟಿಯ ಮಧ್ಯೆ ವೀಡಿಯೊ ನೋಡಿ ಅತ್ತಳಂತೆ,” ಎಂದರು. ಫಿಯೋನಾ ಎಂದರೆ ಅಮ್ಮ. “ಆಫೀಸಿನಲ್ಲಿಯೂ ನಾಲ್ಕು ಜನ ನೋಡಿದ್ದಾರೆ. ಧಣಿಗಳು ಏನೂ ಹೇಳಲಿಲ್ಲ, ನಕ್ಕರು.” ಚಾ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಶಾರ್ಲೆಟ್‌ಳ ಕಡೆ ನೋಡಲಿಲ್ಲ. “ಆಂಜೆಲಾಬಾಯಿ, ನಾನು ನಿಮ್ಮನ್ನು ಹೋಗಬೇಡಿ ಅಂದದ್ದು ಉಂಟಾ? ನನಗೆ ನೆನಪಿಲ್ಲ. ಆ ದಿನ ನೀವೇ ಅಲ್ವಾ ಬೇಡ ಅಂದದ್ದು?”

ಮಾವ್ಶಿ ಸೀರೆಯ ಸೆರಗಿನಿಂದ ಮೇಜಿನ ಮೇಲೆ ಬಿದ್ದ ಚಾದ ಹನಿ ಒರೆಸಿದಳು. ಆ ಹನಿಯನ್ನು ಒರೆಸಲು ಬೇಕಾದ್ದಕ್ಕಿಂತ ಬಹಳ ಹೆಚ್ಚು ಹೊತ್ತು ಒರೆಸಿದಳು. “ಹೌದು,” ಎಂದಳು. “ನಾನೇ ಬೇಡ ಅಂದದ್ದು. ನನಗೆ ಆಗ ಬೆನ್ನುನೋವು ಇತ್ತಲ್ಲ.”

“ಹಾಗೆ ಹೇಳಿ,” ಎಂದರು ಡ್ಯಾಡಿ. ಅವರ ಮುಖದಲ್ಲಿ ನಿಜವಾದ ನೆಮ್ಮದಿ ಕಂಡಿತು. ಅವರು ನಾಟಕ ಮಾಡುತ್ತಿರಲಿಲ್ಲ, ಅವರಿಗೆ ನಿಜಕ್ಕೂ ನೆನಪಿರಲಿಲ್ಲ. ಆಮೇಲೆ ಮಗಳ ಕಡೆ ತಿರುಗಿದರು. “ಮತ್ತೆ ನಿನಗೆ ಯಾರು ಹೇಳಿದ್ದು ಮಗಾ?”

ಹತ್ತೂವರೆಯಿಂದ ಈವರೆಗೆ ಎಷ್ಟು ಜನ ಅವಳನ್ನು ನೋಡಿದ್ದರು, ಆದರೆ ಮಾವ್ಶಿ ಈಗ ನೋಡಿದಂತೆ ಯಾರೂ ನೋಡಿರಲಿಲ್ಲ. ಬೇಡಿಕೊಳ್ಳುವ ನೋಟ ಅದು. ಇಪ್ಪತ್ತು ವರ್ಷದ ಹುಡುಗಿಯನ್ನು ಹಿರಿಯರೊಬ್ಬರು ಹಾಗೆ ನೋಡಬಾರದು.

“ಯಾರೂ ಹೇಳಿದ್ದಲ್ಲ ಡ್ಯಾಡಿ,” ಎಂದಳು ಶಾರ್ಲೆಟ್. “ಭಾಷಣಕ್ಕೆ ಬೇಕಿತ್ತು ಅಂತ ನಾನೇ ಸೇರಿಸಿದ್ದು.”

ಅವಳ ಸ್ವರ ಒಂದಿಷ್ಟೂ ನಡುಗಲಿಲ್ಲ. ಡ್ಯಾಡಿ ಚಾದ ಲೋಟ ಎತ್ತಿಕೊಂಡು, ನಾಳೆ ಅಮ್ಮನಿಗೆ ಫೋನ್ ಮಾಡಿ ಅದನ್ನೇ ಹೇಳು, ಪಾಪ, ಅಷ್ಟು ದೂರದಲ್ಲಿದ್ದಾಳೆ ಎಂದರು. ಮಾವ್ಶಿ ಒಳಗೆ ಹೋಗಿ ಬಿಸ್ಕೆಟಿನ ಡಬ್ಬ ತಂದಳು, ಮೊದಲು ಡ್ಯಾಡಿಯ ಮುಂದೆ ಇಟ್ಟಳು, ಆಮೇಲೆ ಶಾರ್ಲೆಟ್‌ಳ ಮುಂದೆ, ತಾನು ಮಾತ್ರ ಎಂದಿನಂತೆ ನಿಂತೇ ಇದ್ದಳು.